ಚಕ್ರಬಡ್ಡಿ ಮತ್ತು 72ರ ಸೂತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಹಣ ಕೂಡಿಡಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೋಲಿಸಲು ಸುಲಭ ಅಂತ ಹೆಚ್ಚಿನ ಕಡೆ ಒಂದೇ ಲೆಕ್ಕ ಇಟ್ಟುಕೊಂಡಿದ್ದೇನೆ: ಒಂದು ಲಕ್ಷ ಅಸಲು, ವರ್ಷಕ್ಕೆ ಶೇ. 8 ಬಡ್ಡಿ. ಕೈಯಲ್ಲಿ ಒಂದು ಕ್ಯಾಲ್ಕ್ಯುಲೇಟರ್ ಇದ್ದರೆ ಓದುತ್ತಾ ಓದುತ್ತಾ ನೀವೂ ಒತ್ತಿ ನೋಡಬಹುದು.

72ರ ಸೂತ್ರ ಅಂದರೆ ಏನು?

72 ಅನ್ನು ವಾರ್ಷಿಕ ಬಡ್ಡಿ ದರದಿಂದ ಭಾಗಿಸಿ. ಬಂದ ಉತ್ತರವೇ ನಿಮ್ಮ ಹಣ ಎರಡರಷ್ಟಾಗಲು ಬೇಕಾಗುವ ವರ್ಷಗಳು. ಶೇ. 8 ಬಡ್ಡಿ ಸಿಕ್ಕರೆ 72 ÷ 8, ಅಂದರೆ 9 ವರ್ಷ. ಶೇ. 6 ಆದರೆ 12 ವರ್ಷ. ಶೇ. 4 ಆದರೆ 18 ವರ್ಷ. ಇಟ್ಟ ಮೊತ್ತ ಸಾವಿರವೋ ಹತ್ತು ಲಕ್ಷವೋ, ಅದು ಲೆಕ್ಕಕ್ಕೆ ಬರುವುದೇ ಇಲ್ಲ.

ಇದು ಹೊಂದಬೇಕಾದರೆ ಮೂರು ಷರತ್ತು ಇವೆ. ಹಣವನ್ನು ಒಂದೇ ಸಲ ಇಟ್ಟಿರಬೇಕು. ಬಂದ ಬಡ್ಡಿಯನ್ನು ತೆಗೆಯದೆ ಅಲ್ಲೇ ಬಿಡಬೇಕು. ದರ ಬದಲಾಗಬಾರದು. ಈ ಸೂತ್ರ ಎಲ್ಲಿ ದಾರಿ ತಪ್ಪಿಸಿದರೂ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಮುರಿದಿರುತ್ತದೆ.

ಸರಳ ಬಡ್ಡಿಗೂ ಚಕ್ರಬಡ್ಡಿಗೂ ನಿಜವಾಗಿ ಎಷ್ಟು ವ್ಯತ್ಯಾಸ ಬರುತ್ತದೆ?

ಮೊದಮೊದಲು ಏನೂ ಇಲ್ಲ ಅನ್ನುವಷ್ಟು ಕಡಿಮೆ. ಹೊಸಬರಿಗೆ ನಿರಾಸೆ ಆಗುವುದೂ ಇಲ್ಲೇ.

ಸರಳ ಬಡ್ಡಿಯಲ್ಲಿ ಲಕ್ಷಕ್ಕೆ ಪ್ರತಿ ವರ್ಷ 8,000 ಸೇರುತ್ತದೆ. ಮೊದಲ ವರ್ಷವೂ ಅಷ್ಟೇ, ಒಂಬತ್ತನೆಯ ವರ್ಷವೂ ಅಷ್ಟೇ. ಬಡ್ಡಿ ಯಾವಾಗಲೂ ಅಸಲಿಗೆ ಮಾತ್ರ.

ಚಕ್ರಬಡ್ಡಿಯಲ್ಲೂ ಮೊದಲ ವರ್ಷ 8,000ವೇ ಬರುತ್ತದೆ. ಮೊತ್ತ 1,08,000 ಆಯಿತು. ಎರಡನೆಯ ವರ್ಷ ಬಡ್ಡಿ ಲೆಕ್ಕ ಹಾಕುವುದು ಈ 1,08,000ಕ್ಕೆ. ಹಾಗಾಗಿ 8,640 ಸಿಗುತ್ತದೆ. ಹೆಚ್ಚಾಗಿ ಬಂದದ್ದು ಬರೀ 640. ಹಿಂದಿನ ವರ್ಷದ 8,000 ಬಡ್ಡಿ ತಾನೂ ಶೇ. 8 ದುಡಿದಿದೆ, ಅದೇ ಈ 640. ಮೂರನೆಯ ವರ್ಷದ ಕೊನೆಗೆ ಮೊತ್ತ 1,25,971. ಸರಳ ಬಡ್ಡಿಯಾಗಿದ್ದರೆ 1,24,000 ಇರುತ್ತಿತ್ತು. ಮೂರು ವರ್ಷ ಕಾದು ಸಿಕ್ಕ ಹೆಚ್ಚುವರಿ ಎರಡು ಸಾವಿರಕ್ಕೂ ಕಡಿಮೆ. ಇಷ್ಟಕ್ಕೆ ಇಷ್ಟೊಂದು ಮಾತಾ ಅನ್ನಿಸುತ್ತದೆ, ಅಲ್ವಾ?

ಮುಂದೆ ನೋಡಿ. ಐದನೆಯ ವರ್ಷದ ಕೊನೆಗೆ 1,46,933. ಏಳನೆಯ ವರ್ಷದ ಕೊನೆಗೆ 1,71,382. ಒಂಬತ್ತನೆಯ ವರ್ಷ ಒಂದರಲ್ಲೇ 14,807 ಬಡ್ಡಿ ಬರುತ್ತದೆ. ಮೊದಲ ವರ್ಷದ 8,000ಕ್ಕೆ ಹೋಲಿಸಿದರೆ ಹೆಚ್ಚೂಕಡಿಮೆ ಎರಡರಷ್ಟು. ಕೊನೆಗೆ ಮೊತ್ತ 1,99,900. ಎರಡು ಲಕ್ಷಕ್ಕೆ ನೂರು ಕಡಿಮೆ, ಅಷ್ಟೇ. ಸೂತ್ರ ಹೇಳಿದ 9 ವರ್ಷ ಸರಿಹೋಯಿತು. ಸರಳ ಬಡ್ಡಿಯಲ್ಲಿ ಅದೇ ಒಂಬತ್ತು ವರ್ಷಕ್ಕೆ 1,72,000.

ಈ 72 ಎಲ್ಲಿಂದ ಬಂತು?

ಮೇಲಿನ ಲೆಕ್ಕದ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಸರಳ ಬಡ್ಡಿಯಲ್ಲಿ ಒಂಬತ್ತು ವರ್ಷಕ್ಕೆ ಸೇರಿದ್ದು 72,000. ನೂರಕ್ಕೆ 72. ಇದು ಕಾಕತಾಳೀಯ ಅಲ್ಲ. ದರವನ್ನು ವರ್ಷದಿಂದ ಗುಣಿಸಿದರೆ ಬರುವುದೇ ಸರಳ ಬಡ್ಡಿ, ಮತ್ತು 8 × 9 = 72.

ಅಂದರೆ ಸೂತ್ರ ನಿಜವಾಗಿ ಹೇಳುವುದು ಹೀಗೆ: ನೂರು ಇನ್ನೂರಾಗಲು ಇನ್ನೊಂದು ನೂರು ಬೇಕು. ಅದರಲ್ಲಿ 72ರಷ್ಟನ್ನು ಅಸಲು ದುಡಿಯುತ್ತದೆ. ಉಳಿದ 28 ಬಡ್ಡಿಗೆ ಬಂದ ಬಡ್ಡಿ. ನಿಮ್ಮ ಅಸಲು 72 ದುಡಿಯುವ ಹೊತ್ತಿಗೆ ಬಡ್ಡಿಗಳೆಲ್ಲ ಸೇರಿ ಉಳಿದ 28 ತಂದಿರುತ್ತವೆ. ಸರಳ ಬಡ್ಡಿಗೂ ಇಂಥದ್ದೇ ಸೂತ್ರ ಬೇಕಿದ್ದರೆ ಅದು 100ರ ಸೂತ್ರ. ಶೇ. 8ಕ್ಕೆ 100 ÷ 8, ಹನ್ನೆರಡೂವರೆ ವರ್ಷ. ಚಕ್ರಬಡ್ಡಿ ನಿಮಗೆ ಉಳಿಸಿಕೊಟ್ಟದ್ದು ಆ ಮೂರೂವರೆ ವರ್ಷ.

ಇದನ್ನು ತಿಳಿದುಕೊಂಡರೆ ಸೂತ್ರವನ್ನು ಸುಮ್ನೆ ಬಾಯಿಪಾಠ ಮಾಡಬೇಕಿಲ್ಲ. ಬಡ್ಡಿಯನ್ನು ಪ್ರತಿ ವರ್ಷ ಕೈಗೆ ತೆಗೆದುಕೊಂಡು ಖರ್ಚು ಮಾಡುವವರಿಗೆ 28ರ ಪಾಲು ಸಿಗುವುದಿಲ್ಲ. ಅವರ ಲೆಕ್ಕ 100ರ ಸೂತ್ರಕ್ಕೆ ಹೋಗುತ್ತದೆ. ಬಡ್ಡಿಯಲ್ಲಿ ಅರ್ಧ ತೆಗೆದು ಅರ್ಧ ಬಿಟ್ಟರೆ ಒಳಗೆ ಬೆಳೆಯುವುದು ಶೇ. 4 ಮಾತ್ರ.

ಇದನ್ನು ಯಾರು ಕಂಡುಹಿಡಿದರು?

ಖಚಿತವಾಗಿ ಒಬ್ಬರ ಹೆಸರು ಹೇಳಲಾಗದು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚಿಯೋಲಿಯ ಗಣಿತ ಗ್ರಂಥದಲ್ಲಿ ಇದು ಸಿಗುತ್ತದೆ. ಪಾಚಿಯೋಲಿ ನಿಯಮವನ್ನು ಹೇಳುತ್ತಾರೆ, ಅದು ಏಕೆ ಸರಿ ಅಂತ ವಿವರಿಸುವುದಿಲ್ಲ. ಆ ವಿವರಣೆಗೆ ಬೇಕಾದ ಲಾಗರಿದಮ್ ಅನ್ನು ಜಾನ್ ನೇಪಿಯರ್ ಪ್ರಕಟಿಸಿದ್ದು 1614ರಲ್ಲಿ, ಅಂದರೆ 120 ವರ್ಷ ಆದಮೇಲೆ.

ಕೆಲವರು 70 ಅನ್ನುತ್ತಾರೆ, ಕೆಲವರು 69.3 ಅನ್ನುತ್ತಾರೆ. ಯಾವುದು ಸರಿ?

ಗಣಿತದಲ್ಲಿ ಮೂಲ ಸಂಖ್ಯೆ 69.3. ಎರಡರ ಸಹಜ ಲಾಗರಿದಮ್ 0.693, ಅದನ್ನು ನೂರರಿಂದ ಗುಣಿಸಿದ್ದು ಅಷ್ಟೇ. ಆದರೆ ಬಡ್ಡಿಯನ್ನು ಕ್ಷಣಕ್ಷಣಕ್ಕೂ ಅಸಲಿಗೆ ಸೇರಿಸುತ್ತಾ ಹೋದರೆ ಮಾತ್ರ ಅದು ಪಕ್ಕಾ. ವರ್ಷಕ್ಕೊಮ್ಮೆ ಸೇರಿಸಿದರೆ ಬಡ್ಡಿಗೆ ದುಡಿಯುವ ಅವಕಾಶ ತಡವಾಗಿ ಸಿಗುತ್ತದೆ. ಹಾಗಾಗಿ ಸ್ವಲ್ಪ ದೊಡ್ಡ ಸಂಖ್ಯೆ ಬೇಕಾಗುತ್ತದೆ. ಶೇ. 2ರ ಹತ್ತಿರ 70 ಸರಿಯಾಗಿ ಕೂರುತ್ತದೆ, ಶೇ. 8ಕ್ಕೆ 72.

72ಕ್ಕೆ ಇನ್ನೊಂದು ಅನುಕೂಲವಿದೆ. ಅದು 2, 3, 4, 6, 8, 9, 12, 18, 24 ಎಲ್ಲದರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಬಾಯಿಲೆಕ್ಕದಲ್ಲಿ 69.3 ಅನ್ನು 6ರಿಂದ ಭಾಗಿಸುತ್ತಾ ಕೂರುವವರು ಯಾರು? ನನ್ನ ಮಟ್ಟಿಗೆ 72 ಸಾಕು.

ಸೂತ್ರ ಎಷ್ಟರ ಮಟ್ಟಿಗೆ ನಿಖರ?

ಶೇ. 4ರಿಂದ ಶೇ. 12ರವರೆಗೆ ಬಹಳ ಚೆನ್ನಾಗಿದೆ. ಶೇ. 4ಕ್ಕೆ ಸೂತ್ರ 18 ವರ್ಷ ಅನ್ನುತ್ತದೆ, ನಿಜವಾದ ಉತ್ತರ 17.7. ಶೇ. 12ಕ್ಕೆ 6 ವರ್ಷ ಅನ್ನುತ್ತದೆ, ನಿಜ 6.1. ಕೂಡಿಡುವವರಿಗೆ ಎದುರಾಗುವ ದರಗಳು ಹೆಚ್ಚಾಗಿ ಈ ವ್ಯಾಪ್ತಿಯಲ್ಲೇ ಇರುತ್ತವೆ.

ದರ ಏರಿದಂತೆ ಸೂತ್ರ ಅವಸರ ಮಾಡುತ್ತದೆ. ಶೇ. 24ಕ್ಕೆ 3 ವರ್ಷ ಅನ್ನುತ್ತದೆ, ಆದರೆ 3.2 ಬೇಕು. ಶೇ. 72 ಬಡ್ಡಿ ಅಂತಿಟ್ಟುಕೊಳ್ಳಿ. ಸೂತ್ರದ ಪ್ರಕಾರ ಒಂದೇ ವರ್ಷದಲ್ಲಿ ಎರಡರಷ್ಟು ಆಗಬೇಕು. ವರ್ಷಕ್ಕೊಮ್ಮೆ ಬಡ್ಡಿ ಸೇರಿಸುವುದಾದರೆ ನೂರಕ್ಕೆ 172 ಆಗುತ್ತದೆ, 200 ಅಲ್ಲ. ಕಾರಣ ಈಗಾಗಲೇ ಗೊತ್ತಲ್ಲ: ಬಡ್ಡಿಗೆ ಬಡ್ಡಿ ಹುಟ್ಟಲು ಸಮಯವೇ ಸಿಕ್ಕಿಲ್ಲ, 28ರ ಪಾಲು ಸೊನ್ನೆ.

ಸರಿಪಡಿಸಿಕೊಳ್ಳಲು ಒಂದು ಸುಲಭ ಉಪಾಯ ಇದೆ. ದರ 8ಕ್ಕಿಂತ ಮೂರು ಹೆಚ್ಚಾದಾಗಲೆಲ್ಲ 72ಕ್ಕೆ ಒಂದು ಸೇರಿಸಿ, ಮೂರು ಕಡಿಮೆಯಾದಾಗಲೆಲ್ಲ ಒಂದು ಕಳೆಯಿರಿ. ಶೇ. 20 ಅಂದರೆ 8ಕ್ಕಿಂತ 12 ಹೆಚ್ಚು. 72ಕ್ಕೆ 4 ಸೇರಿಸಿ 76 ಮಾಡಿ. 76 ÷ 20 = 3.8 ವರ್ಷ. ನಿಜವಾದ ಉತ್ತರವೂ 3.8.

ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಥವಾ ತಿಂಗಳಿಗೊಮ್ಮೆ ಸೇರಿಸಿದರೆ ತುಂಬಾ ಲಾಭವೇ?

ಲಾಭ ಇದೆ, ಆದರೆ ಜನ ಅಂದುಕೊಂಡಷ್ಟು ಇಲ್ಲ. ಅದೇ ಶೇ. 8 ಅನ್ನು ವರ್ಷಕ್ಕೊಮ್ಮೆ ಸೇರಿಸಿದರೆ ಹಣ ಎರಡರಷ್ಟಾಗಲು 9 ವರ್ಷ. ಮೂರು ತಿಂಗಳಿಗೊಮ್ಮೆ ಸೇರಿಸಿದರೆ 8.75 ವರ್ಷ. ಮೂರು ತಿಂಗಳು ಉಳಿಯಿತು. ಪ್ರತಿ ತಿಂಗಳು ಸೇರಿಸಿದರೆ 8.69 ವರ್ಷ, ಪ್ರತಿ ದಿನ ಸೇರಿಸಿದರೆ 8.67. ಮೊದಲ ಹೆಜ್ಜೆಯಲ್ಲಿ ಸಿಕ್ಕದ್ದೇ ಹೆಚ್ಚು. ಆಮೇಲೆ ಉಳಿಯುವುದು ಒಂದು ತಿಂಗಳು ಅಷ್ಟೇ.

ಹಾಗಾಗಿ ‘ಪ್ರತಿ ದಿನ ಬಡ್ಡಿ’ ಅನ್ನುವ ಮಾತಿಗೆ ಮರುಳಾಗಬೇಡಿ. ವರ್ಷಕ್ಕೊಮ್ಮೆ ಸೇರಿಸುವ ಶೇ. 8.5, ದಿನಾ ಸೇರಿಸುವ ಶೇ. 8ಕ್ಕಿಂತ ಮೇಲು. ಎರಡು ಠೇವಣಿಗಳನ್ನು ಹೋಲಿಸುವಾಗ ‘ವರ್ಷದ ಕೊನೆಗೆ ನೂರಕ್ಕೆ ಒಟ್ಟು ಎಷ್ಟಾಗುತ್ತದೆ’ ಅಂತ ಕೇಳಿ. ಮೂರು ತಿಂಗಳಿಗೊಮ್ಮೆ ಸೇರಿಸುವ ಶೇ. 8ಕ್ಕೆ ಉತ್ತರ 108.24. ಈ ಒಂದು ಸಂಖ್ಯೆ ಸಿಕ್ಕರೆ ಬೇರೆ ಯಾವ ವಿವರಣೆಯೂ ಬೇಡ.

ನಾನು ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಕಟ್ಟುತ್ತೇನೆ. ಒಂಬತ್ತು ವರ್ಷಕ್ಕೆ ಎರಡರಷ್ಟು ಸಿಗುತ್ತದಾ?

ಇಲ್ಲ. ಹೊಸದಾಗಿ ಉಳಿತಾಯ ಶುರು ಮಾಡಿದವರು ಹೆಚ್ಚಾಗಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ತಿಂಗಳಿಗೆ ಒಂದು ಸಾವಿರ ಕಟ್ಟುತ್ತೀರಿ, ಬಡ್ಡಿ ಶೇ. 8, ಪ್ರತಿ ತಿಂಗಳು ಸೇರುತ್ತದೆ. ಒಂಬತ್ತು ವರ್ಷಕ್ಕೆ 108 ಕಂತು, ನೀವು ಕಟ್ಟಿದ್ದು 1,08,000. ಕೈಗೆ ಸಿಗುವುದು ಸುಮಾರು 1,57,400. 2,16,000ದ ಕನಸು ಕಂಡವರಿಗೆ ‘ಎಲ್ಲೋ ಮೋಸ ಆಗಿದೆ’ ಅನ್ನಿಸುವುದು ಸಹಜ. ಮೋಸ ಏನೂ ಆಗಿಲ್ಲ. ಮೊದಲ ಕಂತು ಮಾತ್ರ ಒಂಬತ್ತು ವರ್ಷ ದುಡಿದಿದೆ. ಐವತ್ತನಾಲ್ಕನೆಯ ಕಂತಿಗೆ ಸಿಕ್ಕದ್ದು ನಾಲ್ಕೂವರೆ ವರ್ಷ. ಕೊನೆಯ ಕಂತು ಈಗ ತಾನೇ ಬಂದು ಕೂತಿದೆ, ಅದು ಇನ್ನೂ ಸಾವಿರವೇ. ಪ್ರತಿ ಕಂತಿಗೂ ಅದರದೇ ಒಂಬತ್ತು ವರ್ಷ ಬೇಕು. ಎಲ್ಲಾ ಕಂತುಗಳ ಸರಾಸರಿ ತೆಗೆದರೆ ನಿಮ್ಮ ಹಣದ ವಯಸ್ಸು ಒಂಬತ್ತಲ್ಲ, ನಾಲ್ಕೂವರೆ.

ಹಾಗಾದರೆ ಕಟ್ಟಿದ ಒಟ್ಟು ಹಣದ ಎರಡರಷ್ಟು ಯಾವಾಗ ಕಾಣುತ್ತದೆ? ಶೇ. 8ಕ್ಕೆ ಸುಮಾರು 16 ವರ್ಷ. ಹದಿನೆಂಟು ಆಗಬೇಕಿತ್ತಲ್ಲ ಅನ್ನಬಹುದು. ಹಳೆಯ ಕಂತುಗಳು ಆ ಹೊತ್ತಿಗೆ ಎರಡರಷ್ಟನ್ನು, ತೀರಾ ಹಳೆಯವು ಮೂರರಷ್ಟನ್ನೂ ದಾಟಿ ಓಡುತ್ತಿರುತ್ತವೆ, ಹೊಸ ಕಂತುಗಳ ಕೊರತೆಯನ್ನು ಅವು ತುಂಬಿಕೊಡುತ್ತವೆ. ಅದಕ್ಕೇ ಹದಿನೆಂಟಕ್ಕಿಂತ ಮೊದಲೇ ಆಗುತ್ತದೆ.

‘10 ವರ್ಷದಲ್ಲಿ ನಿಮ್ಮ ಹಣ ದುಪ್ಪಟ್ಟು’ ಅನ್ನುವ ಯೋಜನೆ ಒಳ್ಳೆಯದೇ?

ಸೂತ್ರವನ್ನು ತಿರುಗಿಸಿ. 72 ÷ 10 = 7.2. ಅಂದರೆ ಆ ಯೋಜನೆ ಕೊಡುತ್ತಿರುವುದು ವರ್ಷಕ್ಕೆ ಶೇ. 7.2ರ ಆಸುಪಾಸು. ಈಗ ಬೇರೆ ಕಡೆ ಎಷ್ಟು ಸಿಗುತ್ತದೆ ಅಂತ ನೋಡಿ ನೀವೇ ತೀರ್ಮಾನಿಸಿ.

ಮಾರಲು ಬಂದವರು ಇದನ್ನೇ ಬೇರೆ ಥರ ಹೇಳುತ್ತಾರೆ. ‘ಹತ್ತು ವರ್ಷಕ್ಕೆ ನೂರಕ್ಕೆ ನೂರು ಲಾಭ, ಅಂದರೆ ವರ್ಷಕ್ಕೆ ಶೇ. 10.’ ಕೇಳಲು ಸರಿ ಅನ್ನಿಸುತ್ತದೆ. ಆದರೆ ಅದು ಸರಳ ಬಡ್ಡಿಯ ಶೇ. 10. ಅದನ್ನು ಶೇ. 8ರ ಚಕ್ರಬಡ್ಡಿ ಠೇವಣಿಯ ಪಕ್ಕದಲ್ಲಿಟ್ಟು ‘ನಮ್ಮದೇ ಹೆಚ್ಚು’ ಅಂದರೆ ಅದು ಹೋಲಿಕೆಯೇ ಅಲ್ಲ. ಶೇ. 8ರ ಠೇವಣಿ ಒಂಬತ್ತೇ ವರ್ಷದಲ್ಲಿ ಎರಡರಷ್ಟು ಮಾಡಿಬಿಡುತ್ತದೆ! ಯಾರಾದರೂ ‘ಎರಡೇ ವರ್ಷದಲ್ಲಿ ದುಪ್ಪಟ್ಟು’ ಅಂದರೂ ಇದೇ ಲೆಕ್ಕ ಹಾಕಿ. ಸೂತ್ರ ಶೇ. 36 ಅನ್ನುತ್ತದೆ, ನಿಜವಾಗಿ ಶೇ. 41ಕ್ಕೂ ಹೆಚ್ಚು ಬೇಕು. ಅಷ್ಟು ಕೊಡಲು ಅವರು ಎಲ್ಲಿಂದ ದುಡಿಯುತ್ತಾರೆ ಅನ್ನುವುದು ಮುಂದಿನ ಪ್ರಶ್ನೆ.

ತೆರಿಗೆ, ಶುಲ್ಕ, ಬೆಲೆ ಏರಿಕೆ ಇವನ್ನೆಲ್ಲ ಹೇಗೆ ಲೆಕ್ಕಕ್ಕೆ ತರುವುದು?

ಭಾಗಿಸುವ ಮೊದಲು ದರದಿಂದ ಕಳೆದುಬಿಡಿ. ಶೇ. 8 ಬಡ್ಡಿ ಬಂದು, ಪ್ರತಿ ವರ್ಷ ಆ ಬಡ್ಡಿಯಲ್ಲಿ ಐದನೇ ಒಂದು ಭಾಗ ತೆರಿಗೆಗೆ ಹೋದರೆ ಉಳಿದು ಬೆಳೆಯುವುದು ಶೇ. 6.4. ಎರಡರಷ್ಟಾಗಲು 9 ಅಲ್ಲ, 11 ವರ್ಷ ದಾಟುತ್ತದೆ.

ಶುಲ್ಕದ ವಿಷಯದಲ್ಲಿ ಜನ ‘ಬರೀ ಒಂದು ಪರ್ಸೆಂಟ್ ತಾನೇ’ ಅಂತ ಬಿಟ್ಟುಬಿಡುತ್ತಾರೆ. 36 ವರ್ಷದ ಲೆಕ್ಕ ನೋಡಿ. ಶೇ. 8ರಲ್ಲಿ ಹಣ ನಾಲ್ಕು ಸಲ ಎರಡರಷ್ಟಾಗುತ್ತದೆ. ಒಂದು ಲಕ್ಷ 2, 4, 8, ಕೊನೆಗೆ ಸುಮಾರು 16 ಲಕ್ಷ. ವರ್ಷಕ್ಕೆ ಶೇ. 1 ಶುಲ್ಕ ಹೋಗಿ ಶೇ. 7 ಉಳಿದರೆ ಅದೇ 36 ವರ್ಷಕ್ಕೆ ಆಗುವುದು 11.4 ಲಕ್ಷ. ಒಂದು ಪರ್ಸೆಂಟ್ ಅಂದದ್ದು ಕೊನೆಯ ಮೊತ್ತದ ಕಾಲು ಭಾಗಕ್ಕಿಂತ ಜಾಸ್ತಿ ತಿಂದಿದೆ.

ಬೆಲೆ ಏರಿಕೆಗೆ ಸೂತ್ರವನ್ನು ನೇರವಾಗಿಯೂ ಬಳಸಬಹುದು. ಬೆಲೆಗಳು ವರ್ಷಕ್ಕೆ ಶೇ. 6 ಏರಿದರೆ 12 ವರ್ಷದಲ್ಲಿ ಎಲ್ಲದರ ಬೆಲೆ ಎರಡರಷ್ಟು, ಅಂದರೆ ನಿಮ್ಮ ಹಣದ ಕೊಳ್ಳುವ ಶಕ್ತಿ ಅರ್ಧ. ಬಡ್ಡಿ ಶೇ. 8, ಬೆಲೆ ಏರಿಕೆ ಶೇ. 6 ಇದ್ದಾಗ ನಿಜವಾದ ಬೆಳವಣಿಗೆ ಸುಮಾರು ಶೇ. 2. ಖಾತೆಯಲ್ಲಿನ ಸಂಖ್ಯೆ 9 ವರ್ಷಕ್ಕೆ ಎರಡರಷ್ಟಾಗುತ್ತದೆ, ಕೊಳ್ಳಬಹುದಾದ ವಸ್ತುಗಳು ಎರಡರಷ್ಟಾಗಲು 36 ವರ್ಷಕ್ಕೂ ಸ್ವಲ್ಪ ಹೆಚ್ಚು ಬೇಕು.

ಪ್ರತಿ ವರ್ಷ ಲಾಭ ಏರಿಳಿತ ಆಗುವ ಹೂಡಿಕೆಗೆ ಈ ಸೂತ್ರ ನಡೆಯುತ್ತದೆಯೇ?

ಎಚ್ಚರಿಕೆಯಿಂದ. ಒಂದು ಹೂಡಿಕೆ ಮೊದಲ ವರ್ಷ ಶೇ. 50 ಏರಿತು, ಮರುವರ್ಷ ಶೇ. 34 ಇಳಿಯಿತು ಅಂದುಕೊಳ್ಳಿ. ಸರಾಸರಿ ತೆಗೆದರೆ ಶೇ. 8. ಸೂತ್ರಕ್ಕೆ ಹಾಕಿದರೆ 9 ವರ್ಷ ಅನ್ನುತ್ತದೆ. ಆದರೆ ನಿಜವಾಗಿ ನೂರು ಇದ್ದದ್ದು 150 ಆಯಿತು, ಆಮೇಲೆ 99ಕ್ಕೆ ಇಳಿಯಿತು. ‘ಸರಾಸರಿ ಶೇ. 8’ ಪಡೆದವರು ನಷ್ಟದಲ್ಲಿದ್ದಾರೆ!

ಇಂಥ ಕಡೆ ಕೇಳಬೇಕಾದ್ದು ಸರಾಸರಿಯನ್ನಲ್ಲ. ಮೊದಲು ಎಷ್ಟಿತ್ತು, ಕೊನೆಗೆ ಎಷ್ಟಾಯಿತು ಅನ್ನುವುದರಿಂದ ಹೊರಡುವ ವಾರ್ಷಿಕ ಚಕ್ರಬಡ್ಡಿ ದರವನ್ನು ಕೇಳಿ. ಅದೂ ಹಿಂದಿನ ಕಥೆ ಮಾತ್ರ.

ಸಾಲಕ್ಕೂ ಇದು ಅನ್ವಯಿಸುತ್ತದೆಯೇ?

ಅಷ್ಟೇ ಚೆನ್ನಾಗಿ. ದರ ತಿಂಗಳ ಲೆಕ್ಕದಲ್ಲಿದ್ದರೆ ಉತ್ತರವೂ ತಿಂಗಳಲ್ಲಿ ಬರುತ್ತದೆ. ತಿಂಗಳಿಗೆ ಶೇ. 3 ಬಡ್ಡಿಯ ಬಾಕಿಯನ್ನು ಕಟ್ಟದೆ ಬಿಟ್ಟರೆ 72 ÷ 3, ಸುಮಾರು 24 ತಿಂಗಳಲ್ಲಿ ಬಾಕಿ ಎರಡರಷ್ಟು. ಕೂಡಿಟ್ಟ ಹಣ ಶೇ. 8ರಲ್ಲಿ ಒಮ್ಮೆ ದುಪ್ಪಟ್ಟಾಗುವ ಒಂಬತ್ತು ವರ್ಷದಲ್ಲಿ ಈ ಸಾಲ ನಾಲ್ಕು ಸಲ ದುಪ್ಪಟ್ಟಾಗಿರುತ್ತದೆ. ಹೀಗೆ ಎರಡೂ ಒಟ್ಟಿಗೆ ಇದ್ದರೆ ಮೊದಲು ಸಾಲ ತೀರಿಸುವುದೇ ಸರಿಯಾದ ಉಳಿತಾಯ.

ಮೂರರಷ್ಟಾಗಲು?

114ರಿಂದ ಲೆಕ್ಕ ಹಾಕಿ. ನಾಲ್ಕರಷ್ಟಕ್ಕೆ 144, ಅದು 72ರ ಎರಡರಷ್ಟೇ ತಾನೇ.

ಸೂತ್ರವನ್ನು ನಂಬದೆ ಸರಿಯಾದ ಉತ್ತರವನ್ನೇ ತೆಗೆಯುವುದು ಹೇಗೆ?

ಯಾವುದೇ ಸ್ಪ್ರೆಡ್‌ಶೀಟ್‌ನ ಒಂದು ಚೌಕದಲ್ಲಿ ಇದನ್ನು ಟೈಪ್ ಮಾಡಿ:

```
=NPER(0.08, 0, -1, 2)
```

9.006 ಬರುತ್ತದೆ. 0.08 ಜಾಗದಲ್ಲಿ ನಿಮ್ಮ ದರ ಹಾಕಿ. ಶೇ. 6.5 ಆದರೆ 0.065. ಕೊನೆಯ 2ರ ಬದಲು 3 ಹಾಕಿದರೆ ಮೂರರಷ್ಟಾಗುವ ಸಮಯ ಸಿಗುತ್ತದೆ. ಬಡ್ಡಿ ಪ್ರತಿ ತಿಂಗಳು ಸೇರುವುದಾದರೆ ದರವನ್ನು 12ರಿಂದ ಭಾಗಿಸಿ ಕೊಡಬೇಕು, ಆಗ ಉತ್ತರ ತಿಂಗಳುಗಳಲ್ಲಿ ಬರುತ್ತದೆ:

```
=NPER(0.08/12, 0, -1, 2)
```

ಇದಕ್ಕೆ 104.3 ಬರುತ್ತದೆ, ಅಂದರೆ 8 ವರ್ಷ 8 ತಿಂಗಳು ಚಿಲ್ಲರೆ. ನಿಮಗೆ 8.7 ಅಂತ ಬಂದರೆ ಎಲ್ಲೋ 1ರ ಮುಂದಿನ ಮೈನಸ್ ಚಿಹ್ನೆ ಬಿಟ್ಟಿರಬಹುದು ಅಂತ ಹೆದರಬೇಡಿ, ಉತ್ತರವನ್ನು 12ರಿಂದ ಭಾಗಿಸಿದ್ದೀರಿ ಅಷ್ಟೇ. ಮೈನಸ್ ನಿಜವಾಗಿ ಬಿಟ್ಟುಹೋಗಿದ್ದರೆ ಸಂಖ್ಯೆಯ ಬದಲು ದೋಷದ ಸಂದೇಶ ಕಾಣುತ್ತದೆ.